ಅಪ್ಪನಿಗೆ ಒಂದೇ ಹೈ-ಡೋಸ್, ಮಗಳಿಗೆ ಎರಡು ಮಾಮೂಲಿ ಡೋಸ್: ಫ್ಲೂ ಲಸಿಕೆಯ ಈ ಲೆಕ್ಕ ಏನು?

ಕಾಗದದೋಣಿ
ಮನೆಯಲ್ಲಿ ಇಬ್ಬರಿಗೆ ಫ್ಲೂ ಲಸಿಕೆ ಹಾಕಿಸಬೇಕು. ಅಪ್ಪನಿಗೆ 71, ಮಗಳಿಗೆ ಮೂರೂವರೆ. ಡಾಕ್ಟರು ಅಪ್ಪನಿಗೆ ಹೈ-ಡೋಸ್ ಲಸಿಕೆ ಬರೆದರು, ಒಂದೇ ಸಲ ಸಾಕಂತೆ. ಮಗಳಿಗೆ ಮಾಮೂಲಿಯದು, ಆದರೆ ನಾಲ್ಕು ವಾರ ಬಿಟ್ಟು ಎರಡು ಸಲ. ಹೋದ ವರ್ಷ ಅವಳಿಗೆ ಮೊದಲನೇದು ಹಾಕಿಸಿದ್ದೆವು, ಎರಡನೇದಕ್ಕೆ ಹೋಗಬೇಕು ಅನ್ನುವಾಗ ಜ್ವರ ಬಂತು, ಆಮೇಲೆ ಹಾಗೇ ಬಿಟ್ಟುಹೋಯಿತು.

ಈಗ ನನ್ನ ಪ್ರಶ್ನೆ. ಹೋದ ವರ್ಷದ್ದು ಒಂದು, ಈ ವರ್ಷ ಒಂದು, ಸೇರಿಸಿದರೆ ಎರಡಾಯಿತು ಅಲ್ವಾ? ಇನ್ನೊಂದು, ಅಪ್ಪನಿಗೆ ದೊಡ್ಡ ಡೋಸ್ ಒಂದೇ ಸಲ ಕೊಡಬಹುದಾದರೆ ಮಗುವಿಗೂ ಹಾಗೇ ಯಾಕೆ ಕೊಡಬಾರದು? ಅವಳನ್ನು ಎರಡನೇ ಸಲ ಸೂಜಿಗೆ ಒಪ್ಪಿಸುವ ಕಷ್ಟ ನನಗೇ ಗೊತ್ತು. ಮತ್ತೆ ಹೈ-ಡೋಸ್ ಸಿಗದಿದ್ದರೆ ಅಪ್ಪನಿಗೆ ಎರಡು ತೋಳಿಗೂ ಒಂದೊಂದು ಮಾಮೂಲಿ ಲಸಿಕೆ ಹಾಕಿಸಿದರೆ ನಡೆಯುತ್ತಾ?

ಗುಬ್ಬಚ್ಚಿ
ಒಂದು ಒಂದು ಎರಡು, ಸರಿಯಾಗೇ ಇದೆ. ಈ ವರ್ಷ ಒಂದೇ ಸಾಕು. ಮಕ್ಕಳಿಗೆ ಎರಡು ಸಲ ಕೊಡುವುದು ಯಾಕೆ ಅಂದರೆ ಅವರ ಶರೀರ ಚಿಕ್ಕದು, ಒಂದೇ ಸಲಕ್ಕೆ ಪೂರ್ತಿ ತಡೆಯಲ್ಲ, ಅದಕ್ಕೇ ಒಂದು ಡೋಸನ್ನು ಅರ್ಧ ಅರ್ಧ ಮಾಡಿ ಕೊಡುತ್ತಾರೆ. ನಮ್ಮ ಮಗನಿಗೂ ಅರ್ಧವೇ ಕೊಟ್ಟಿದ್ದರು, ಕಣ್ಣಾರೆ ನೋಡಿದ್ದೇನೆ.

ಲಸಿಕೆಕೋಣೆ
ನಾನು ಲಸಿಕೆ ಹಾಕುವ ಕೆಲಸದಲ್ಲೇ ಇರುವವಳು, ಈ ಪ್ರಶ್ನೆ ಪ್ರತಿ ಸೀಸನ್‌ನಲ್ಲೂ ಬರುತ್ತದೆ.

ಗುಬ್ಬಚ್ಚಿಯವರು ನೋಡಿದ್ದು ಸುಳ್ಳಲ್ಲ. ಮೂರು ವರ್ಷದ ಒಳಗಿನ ಮಕ್ಕಳಿಗೆ ಕೆಲವು ಕಂಪನಿಯ ಲಸಿಕೆಯನ್ನು 0.25 ಎಂಎಲ್ ಕೊಡುವ ಪದ್ಧತಿ ಇತ್ತು, ಕೆಲವು ಕಡೆ ಈಗಲೂ ಇದೆ. ಆದರೆ ಎರಡು ಸಲ ಕೊಡುವುದಕ್ಕೂ ಆ ಅರ್ಧಕ್ಕೂ ಸಂಬಂಧ ಇಲ್ಲ. ಎಂಟು ವರ್ಷದ ಮಗು ಮೊದಲ ಸಲ ಫ್ಲೂ ಲಸಿಕೆಗೆ ಬಂದರೆ ಪೂರ್ತಿ 0.5 ಎಂಎಲ್ ಹಾಕುತ್ತೇವೆ. ದೊಡ್ಡವರಿಗೆ ಹಾಕುವಷ್ಟೇ ಅದು. ನಾಲ್ಕು ವಾರ ಬಿಟ್ಟು ಮತ್ತೆ ಅಷ್ಟೇ ಹಾಕುತ್ತೇವೆ. ಅಂದರೆ ಒಂದನ್ನು ಎರಡು ಪಾಲು ಮಾಡಿದ್ದಲ್ಲ, ಎರಡು ಪೂರ್ತಿ ಡೋಸ್.

ಕಾರಣ ಇಷ್ಟೇ. ದೊಡ್ಡವರೆಲ್ಲ ಜೀವನದಲ್ಲಿ ಹಲವು ಸಲ ಫ್ಲೂ ವೈರಸ್ಸಿಗೆ ಸಿಕ್ಕಿರುತ್ತೇವೆ, ಎಷ್ಟೋ ಸಲ ಬರೀ ನೆಗಡಿ ಅಂದುಕೊಂಡು ಮರೆತಿರುತ್ತೇವೆ. ಆ ನೆನಪು ಇಟ್ಟುಕೊಂಡ ಕೋಶಗಳು ಒಳಗೆ ಕೂತಿರುತ್ತವೆ. ಲಸಿಕೆ ಬಿದ್ದ ತಕ್ಷಣ ಅವು ಎದ್ದು ಪ್ರತಿಕಾಯ ತಯಾರಿಸುತ್ತವೆ. ಮಗುವಿನ ಒಳಗೆ ಹಾಗೆ ಕೂತವರೇ ಇಲ್ಲ, ಇದ್ದರೂ ತೀರಾ ಕಡಿಮೆ. ಮೊದಲ ಡೋಸ್ ಆ ಕೋಶಗಳನ್ನು ಹುಟ್ಟಿಸುತ್ತದೆ. ಅವು ಹುಟ್ಟಿ, ಪಳಗಿ, ಸರಿಯಾದ ಪ್ರತಿಕಾಯ ಮಾಡಲು ಕಲಿಯುವುದಕ್ಕೆ ವಾರಗಳು ಬೇಕು. ಎರಡನೇ ಡೋಸ್ ಬಂದಾಗ ಅವು ಕೆಲಸಕ್ಕೆ ಇಳಿಯುತ್ತವೆ. ಹಾಗಾಗಿ ಮೊದಲ ದಿನವೇ ನಾಲ್ಕು ಪಟ್ಟು ಸುರಿದರೂ ಆ ವಾರಗಳನ್ನು ಉಳಿಸಲು ಆಗಲ್ಲ.

ಅಪ್ಪನದು ಉಲ್ಟಾ ಕಷ್ಟ. ಅವರಲ್ಲಿ 71 ವರ್ಷದ ನೆನಪು ಇದೆ, ಆದರೆ ಕೋಶಗಳು ಮೊದಲಿನಷ್ಟು ಚುರುಕಾಗಿ ಏಳಲ್ಲ. ಮಾಮೂಲಿ ಲಸಿಕೆಯಲ್ಲಿ ಪ್ರತಿ ತಳಿಗೆ 15 ಮೈಕ್ರೋಗ್ರಾಂ ಹಿಮಾಗ್ಲುಟಿನಿನ್ ಇರುತ್ತದೆ, ವೈರಸ್ಸಿನ ಮೈಮೇಲಿನ ಪ್ರೋಟೀನ್ ಅದು. ಹೈ-ಡೋಸ್‌ನಲ್ಲಿ 60. ಒಂದು ಮಾತಲ್ಲಿ ಹೇಳಬೇಕೆಂದರೆ ಅಪ್ಪನಿಗೆ ಕಿವಿ ಮಂದ, ಜೋರಾಗಿ ಹೇಳಿದರೆ ಕೇಳುತ್ತದೆ. ಮಗುವಿಗೆ ಆ ಭಾಷೆಯೇ ಬರಲ್ಲ, ಕೂಗಿ ಹೇಳಿ ಏನು ಪ್ರಯೋಜನ.

ಅರ್ಧಚಂದ್ರ
ಮೇಡಂ, ಉಪಮೆ ಚೆನ್ನಾಗಿದೆ, ಆದರೆ ನನಗೆ ಒಂದು ಅನುಮಾನ. ಮಗುವಿನ ರೋಗನಿರೋಧಕ ಶಕ್ತಿ ಇನ್ನೂ ಬೆಳೆದಿಲ್ಲ, ಅದಕ್ಕೇ ಎರಡು ಡೋಸ್ ಅಂತ ನಮ್ಮ ಡಾಕ್ಟರು ಹೇಳಿದ್ದರು. ನೀವು ಹೇಳುತ್ತಿರುವುದು ಬೇರೆ. ವಯಸ್ಸಿನ ವಿಷಯವೋ, ವೈರಸ್ ಪರಿಚಯದ ವಿಷಯವೋ?

ಹಳೇರೇಡಿಯೋ
ಇದಕ್ಕೆ ನಾನು ಉತ್ತರ ಕೊಡುತ್ತೇನೆ, ಯಾಕೆಂದರೆ ಇದನ್ನು ಬೇರೆ ಬೇರೆಯಾಗಿ ನೋಡುವ ಅವಕಾಶ ಇತಿಹಾಸದಲ್ಲಿ ಒಮ್ಮೆ ಸಿಕ್ಕಿತ್ತು.

1918ರಿಂದ 1957ರವರೆಗೆ ಜನರಲ್ಲಿ ಓಡಾಡುತ್ತಿದ್ದ ಎ ಗುಂಪಿನ ಫ್ಲೂ ಎಚ್1ಎನ್1. 1957ರಲ್ಲಿ ಎಚ್2ಎನ್2 ಬಂದು ಅದನ್ನು ಓಡಿಸಿತು. 1976ರಲ್ಲಿ ಅಮೆರಿಕದ ಫೋರ್ಟ್ ಡಿಕ್ಸ್ ಸೇನಾ ಶಿಬಿರದಲ್ಲಿ ಹಂದಿ ಜಾತಿಯ ಎಚ್1ಎನ್1 ಕಾಣಿಸಿಕೊಂಡಿತು. ಗಾಬರಿಯಾಗಿ ಲಸಿಕೆ ಮಾಡಿದರು, ಎಲ್ಲ ವಯಸ್ಸಿನವರ ಮೇಲೂ ಪರೀಕ್ಷೆ ಮಾಡಿದರು. ಏನಾಯಿತು ಗೊತ್ತಾ? ಸುಮಾರು 24 ವರ್ಷ ದಾಟಿದವರಿಗೆ ಒಂದೇ ಡೋಸ್‌ನಲ್ಲಿ ಪ್ರತಿಕಾಯ ಚೆನ್ನಾಗಿ ಬಂತು. ಅದರ ಕೆಳಗಿನವರಿಗೆ ಒಂದು ಡೋಸ್ ಸಾಲಲಿಲ್ಲ, ಎರಡು ಬೇಕಾಯಿತು. ಇಪ್ಪತ್ತು ವರ್ಷದ ಗಟ್ಟಿಮುಟ್ಟಾದ ಹುಡುಗರ ನಿರೋಧಕ ಶಕ್ತಿ ಬೆಳೆದಿಲ್ಲ ಅನ್ನೋಕಾಗುತ್ತಾ? ಅವರಿಗೆ ಆ ವೈರಸ್ಸಿನ ಪರಿಚಯ ಇರಲಿಲ್ಲ, ಅಷ್ಟೇ. ಅದು ಜನರಲ್ಲಿ ಓಡಾಡುತ್ತಿದ್ದಾಗ ಅವರು ಇನ್ನೂ ಹುಟ್ಟಿರಲಿಲ್ಲ, ಇಲ್ಲವೇ ತೀರಾ ಸಣ್ಣವರಿದ್ದರು.

ಹಾಗಾಗಿ ಮುಖ್ಯ ಕಾರಣ ಪರಿಚಯವೇ. ವಯಸ್ಸಿನ ಪಾತ್ರ ಪೂರ್ತಿ ಇಲ್ಲ ಅಂತಲ್ಲ, ಒಂದು ವರ್ಷದ ಕೂಸು ನಾಲ್ಕು ವರ್ಷದ ಮಗುವಿನಷ್ಟು ಪ್ರತಿಕಾಯ ಮಾಡಲ್ಲ. ಆದರೆ ನಿಯಮದಲ್ಲಿ ಒಂಬತ್ತು ವರ್ಷದ ಗೆರೆ ಎಳೆದಿರುವುದು ಯಾಕೆ ಅಂತ ಯೋಚಿಸಿ. ಅಷ್ಟು ಹೊತ್ತಿಗೆ ಹೆಚ್ಚಿನ ಮಕ್ಕಳು ಫ್ಲೂ ಕಂಡಿರುತ್ತಾರೆ.

ಅರ್ಧಚಂದ್ರ
ಹಾಗಾದರೆ 2009ರ ಹೊಸ ಎಚ್1ಎನ್1 ಬಂದಾಗ ಎಲ್ಲರಿಗೂ ಎರಡು ಡೋಸ್ ಬೇಕಿತ್ತಲ್ಲ? ಅದು ಎಲ್ಲರಿಗೂ ಹೊಸದೇ ಅಲ್ವಾ?

ಹಳೇರೇಡಿಯೋ
ಅವತ್ತು ಅನೇಕರು ಹಾಗೇ ಅಂದುಕೊಂಡಿದ್ದರು! ಪರೀಕ್ಷೆ ಮಾಡಿದಾಗ ದೊಡ್ಡವರಿಗೆ ಒಂದೇ ಸಾಕು ಅಂತ ಬಂತು. 1977ರಲ್ಲಿ ಎಚ್1ಎನ್1 ಮತ್ತೆ ಜನರ ನಡುವೆ ಬಂದಿತ್ತು, ಮೂವತ್ತು ವರ್ಷ ಸುತ್ತಿತ್ತು, ಪೂರ್ತಿ ಅದೇ ಅಲ್ಲದಿದ್ದರೂ ದೂರದ ನೆಂಟಸ್ತಿಕೆ ಕೆಲಸಕ್ಕೆ ಬಂತು. ಅಮೆರಿಕದಲ್ಲಿ ಹತ್ತು ವರ್ಷದ ಒಳಗಿನ ಮಕ್ಕಳಿಗೆ ಮಾತ್ರ ಎರಡು ಡೋಸ್ ಇಟ್ಟರು.

ಮೂರನೇಮಹಡಿ
ನಮ್ಮ ಮಗುವಿನ ಕಾರ್ಡಿನಲ್ಲಿ ಇನ್‌ಫ್ಲುಯೆಂಜೆ ಬಿ ಅಂತ ಮೂರು ಸಲ ಹಾಕಿರುವುದು ಇದೆ. ಹಾಗಾದರೆ ನಮಗೆ ಒಂದೇ ಸಾಕಾ? ಅಥವಾ ಎ ಮಾತ್ರ ಬಾಕಿಯಾ?

ಲಸಿಕೆಕೋಣೆ
ಅದು ಹಿಬ್ ಲಸಿಕೆ, ಹಿಮೋಫಿಲಸ್ ಅನ್ನುವ ಬ್ಯಾಕ್ಟೀರಿಯಾಕ್ಕೆ. ಮಿದುಳು ಪೊರೆಯ ಸೋಂಕು, ನ್ಯುಮೋನಿಯಾ ತಡೆಯಲು ಕೊಡುವುದು. ಫ್ಲೂ ವೈರಸ್ಸಿಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಫ್ಲೂ ಲಸಿಕೆಯ ಲೆಕ್ಕದಲ್ಲಿ ನಿಮ್ಮ ಮಗು ಇನ್ನೂ ಸೊನ್ನೆ, ಎರಡೂ ಹಾಕಿಸಬೇಕು. ಎ ಮತ್ತು ಬಿ ಎರಡೂ ಒಂದೇ ಸಿರಿಂಜಿನಲ್ಲಿ ಇರುತ್ತವೆ.

ಕಾಗದದೋಣಿಯವರ ಮೊದಲ ಪ್ರಶ್ನೆಗೆ ಬರುತ್ತೇನೆ, ಗುಬ್ಬಚ್ಚಿಯವರ ಲೆಕ್ಕ ಅಲ್ಲೂ ದಾರಿ ತಪ್ಪಿಸುತ್ತದೆ. ಅಮೆರಿಕದ ಲಸಿಕೆ ಸಲಹಾ ಸಮಿತಿ ಎಸಿಐಪಿಯ ನಿಯಮ ಹೀಗಿದೆ: ಆರು ತಿಂಗಳಿಂದ ಎಂಟು ವರ್ಷದ ಮಗು ಈ ಸೀಸನ್ ಶುರುವಾಗುವ ಮೊದಲೇ, ಅಂದರೆ ಜುಲೈ 1ರ ಮೊದಲು, ಒಟ್ಟು ಎರಡು ಡೋಸ್ ತೆಗೆದುಕೊಂಡಿದ್ದರೆ ಈ ವರ್ಷ ಒಂದು ಸಾಕು. ಆ ಎರಡು ಒಂದೇ ವರ್ಷದ್ದಾಗಿರಬೇಕಿಲ್ಲ, ಸಾಲು ವರ್ಷದ್ದೂ ಆಗಿರಬೇಕಿಲ್ಲ. ನಿಮ್ಮ ಮಗಳ ಹಿಂದಿನ ಲೆಕ್ಕ ಒಂದೇ. ಈ ವರ್ಷದ್ದನ್ನು ಅದಕ್ಕೆ ಸೇರಿಸಿ ಎರಡು ಅನ್ನುವ ಹಾಗಿಲ್ಲ. ಅವಳಿಗೆ ಈ ವರ್ಷ ಎರಡೂ ಬೇಕು.

ಗುಬ್ಬಚ್ಚಿ
ಇದು ಸುಮ್ನೆ ನಿಯಮಕ್ಕೋಸ್ಕರ ನಿಯಮ ಅನ್ನಿಸುತ್ತೆ. ಮೊದಲ ಡೋಸ್ ಕೋಶ ಹುಟ್ಟಿಸುತ್ತದೆ ಅಂತ ನೀವೇ ಹೇಳಿದಿರಿ. ಹೋದ ವರ್ಷ ಹುಟ್ಟಿದ ಕೋಶ ಈ ವರ್ಷ ಎಲ್ಲಿ ಹೋಗುತ್ತೆ?

ಹಳೇರೇಡಿಯೋ
ಒಳ್ಳೇ ಪ್ರಶ್ನೆ. ಕೋಶ ಎಲ್ಲೂ ಹೋಗಲ್ಲ, ಆದರೆ ಲಸಿಕೆ ಬದಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆರಡು ಸಲ, ಉತ್ತರಾರ್ಧಕ್ಕೊಂದು ದಕ್ಷಿಣಾರ್ಧಕ್ಕೊಂದು, ಯಾವ ತಳಿಗಳನ್ನು ಹಾಕಬೇಕು ಅಂತ ಹೇಳುತ್ತದೆ. 2000ದ ದಶಕದಲ್ಲಿ ನೀವು ಹೇಳಿದ್ದನ್ನೇ ಪರೀಕ್ಷಿಸಿದ್ದರು. ಪುಟ್ಟ ಮಕ್ಕಳಿಗೆ ವಸಂತದಲ್ಲಿ ಹಳೇ ಸೀಸನ್ನಿನ ಲಸಿಕೆ ಒಂದು, ಶರತ್ಕಾಲದಲ್ಲಿ ಹೊಸ ಸೀಸನ್ನಿನದು ಒಂದು. ತಳಿಗಳು ಅವೇ ಇದ್ದಾಗ ಫಲಿತಾಂಶ ಸುಮಾರಾಗಿ ಸಮವೇ ಬಂತು. ಆದರೆ ಬಿ ತಳಿ ಬೇರೆ ವಂಶಕ್ಕೆ ಬದಲಾದ ವರ್ಷ ಅದರ ಮೇಲಿನ ಪ್ರತಿಕಾಯ ತುಂಬಾ ಕಡಿಮೆ ಬಂತು. ಒಂದೇ ಸೀಸನ್ನಿನಲ್ಲಿ ಎರಡು ಹಾಕಿಸಿದ ಮಕ್ಕಳು ಚೆನ್ನಾಗೇ ಇದ್ದರು. ನಿಮ್ಮ ವಾದ ಕೆಲವು ವರ್ಷ ನಿಜ, ಕೆಲವು ವರ್ಷ ಸುಳ್ಳು. ಯಾವ ವರ್ಷ ಯಾವುದು ಅಂತ ಪ್ರತಿ ಮಗುವಿಗೂ ನೋಡುತ್ತಾ ಕೂರೋಕಾಗಲ್ಲ, ಅದಕ್ಕೇ ಒಂದು ಸರಳ ನಿಯಮ.

ಕಾಗದದೋಣಿ
ಸರಿ, ಎರಡೂ ಹಾಕಿಸುತ್ತೇನೆ. ಯಾವಾಗ ಶುರು ಮಾಡಲಿ? ಅಪ್ಪನನ್ನೂ ಮಗಳನ್ನೂ ಒಂದೇ ದಿನ ಕರೆದುಕೊಂಡು ಹೋಗೋಣ ಅಂದುಕೊಂಡಿದ್ದೆ. ಇಲ್ಲಿ ಫ್ಲೂ ಜೋರಾಗುವುದು ಚಳಿಗಾಲದಲ್ಲಿ.

ಲಸಿಕೆಕೋಣೆ
ಇಬ್ಬರ ಕ್ಯಾಲೆಂಡರ್ ಬೇರೆ ಬೇರೆ, ಇದನ್ನು ಯಾರೂ ಹೇಳಲ್ಲ.

ಮಗಳದ್ದು ಆದಷ್ಟು ಬೇಗ, ಹೊಸ ಲಸಿಕೆ ಬಂದ ತಕ್ಷಣ. ಸೆಪ್ಟೆಂಬರ್ 2ಕ್ಕೆ ಮೊದಲನೇದು ಹಾಕಿಸಿದಿರಿ ಅನ್ನಿ. 28 ದಿನ ಕಳೆದರೆ ಸೆಪ್ಟೆಂಬರ್ 30, ಅವತ್ತಿನಿಂದ ಎರಡನೇದು ಹಾಕಿಸಬಹುದು. ಅದಾಗಿ ಸುಮಾರು ಎರಡು ವಾರಕ್ಕೆ ಪ್ರತಿಕಾಯ ಮಟ್ಟಕ್ಕೆ ಬರುತ್ತದೆ, ಅಂದರೆ ಅಕ್ಟೋಬರ್ ಮಧ್ಯ. ನವೆಂಬರಿನಲ್ಲಿ ಶುರು ಮಾಡಿದರೆ ಇದೇ ಲೆಕ್ಕ ಕ್ರಿಸ್ಮಸ್ ಹತ್ತಿರ ಹೋಗುತ್ತದೆ, ಅಷ್ಟರಲ್ಲಿ ಫ್ಲೂ ಬಂದು ಕೂತಿರುತ್ತದೆ.

ಅಪ್ಪನದ್ದು ಅಷ್ಟು ಆತುರ ಬೇಡ. ವಯಸ್ಸಾದವರಲ್ಲಿ ರಕ್ಷಣೆ ಬೇಗ ಇಳಿಯುತ್ತದೆ. ಜುಲೈ, ಆಗಸ್ಟಿನಲ್ಲೇ ಹಾಕಿಸಿದರೆ ಸೀಸನ್ ಮುಗಿಯುವ ಮೊದಲೇ ಬಲ ಕಡಿಮೆಯಾಗಬಹುದು. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಸರಿ. ಹಾಗಾಗಿ ಮಗಳ ಎರಡನೇ ಡೋಸಿನ ದಿನವೇ ಅಪ್ಪನನ್ನೂ ಕರೆದುಕೊಂಡು ಬನ್ನಿ, ಇಬ್ಬರದೂ ಸರಿಹೋಗುತ್ತದೆ. ಮತ್ತೆ ಬರಲು ಆಗಲ್ಲ ಅನ್ನುವ ಅಜ್ಜ ಅಜ್ಜಿಯರಿಗೆ ಮಾತ್ರ ನಾವು ಬಂದ ದಿನವೇ ಹಾಕಿಬಿಡುತ್ತೇವೆ.

ಇನ್ನು ಎಡವಟ್ಟಿನ ವಿಷಯ. ಎರಡನೇದು ತಡವಾದರೆ ಮತ್ತೆ ಮೊದಲಿಂದ ಶುರು ಮಾಡಬೇಕಿಲ್ಲ. ಹತ್ತು ವಾರ ಆಗಿದ್ದರೂ ಹೋಗಿ ಹಾಕಿಸಿ, ಲೆಕ್ಕಕ್ಕೆ ಬರುತ್ತದೆ. ಬೇಗ ಹಾಕಿದರೆ ಮಾತ್ರ ತೊಂದರೆ. ನಾಲ್ಕು ದಿನ ಮುಂಚೆ ಆದರೆ ಒಪ್ಪುತ್ತಾರೆ. ಎರಡು ವಾರಕ್ಕೇ ಹಾಕಿಬಿಟ್ಟಿದ್ದರೆ ಅದು ಎರಡನೇ ಡೋಸ್ ಅನ್ನಿಸಿಕೊಳ್ಳಲ್ಲ, ಅವತ್ತಿನಿಂದ ನಾಲ್ಕು ವಾರ ಎಣಿಸಿ ಇನ್ನೊಂದು ಹಾಕಬೇಕಾಗುತ್ತದೆ. ಕಾರ್ಡಿನಲ್ಲಿ ದಿನಾಂಕ ನೋಡದೆ ಹೊಸ ಕಡೆ ಹೋದಾಗ ಇದು ಆಗುವುದನ್ನು ಕಂಡಿದ್ದೇನೆ. ಮೊದಲನೇದು ಒಂದು ಕಂಪನಿ, ಎರಡನೇದು ಇನ್ನೊಂದು ಆದರೆ ಪರವಾಗಿಲ್ಲ.

ಬೆಳ್ಳಿಮೋಡ
ನಮ್ಮ ಅಕ್ಕ ಬ್ರಿಟನ್ನಿನಲ್ಲಿದ್ದಾಳೆ. ಅವಳ ನಾಲ್ಕು ವರ್ಷದ ಮಗನಿಗೆ ಮೂಗಿಗೆ ಒಂದು ಸಲ ಸ್ಪ್ರೇ ಹೊಡೆದು ಮುಗಿಯಿತು ಅಂದರು, ಎರಡನೇದು ಕೇಳಿದ್ದಕ್ಕೆ ಬೇಡ ಅಂದರಂತೆ. ಅಲ್ಲಿನ ಮಕ್ಕಳಿಗೆ ಮಾತ್ರ ಭಾಷೆ ಬರುತ್ತಾ?

ಲಸಿಕೆಕೋಣೆ
ಹ್ಹ ಹ್ಹ, ಸಿಕ್ಕಿಹಾಕಿಸಿದಿರಿ. ಬ್ರಿಟನ್ನಿನಲ್ಲಿ ಆರೋಗ್ಯವಾಗಿರುವ ಮಗುವಿಗೆ ಒಂದೇ. ಹೃದಯ, ಶ್ವಾಸಕೋಶದ ಕಾಯಿಲೆಯಂಥ ಅಪಾಯ ಇರುವ, ಒಂಬತ್ತು ವರ್ಷದ ಒಳಗಿನ, ಮೊದಲ ಸಲ ಹಾಕಿಸಿಕೊಳ್ಳುವ ಮಕ್ಕಳಿಗೆ ಮಾತ್ರ ಎರಡು. ಸ್ಪ್ರೇಯಲ್ಲಿರುವುದು ಬಲ ಕುಗ್ಗಿಸಿದ ಜೀವಂತ ವೈರಸ್, ಮೂಗಿನಲ್ಲಿ ಸ್ವಲ್ಪ ಬೆಳೆಯುತ್ತದೆ. ಹಾಗಾಗಿ ಒಂದು ಸಲಕ್ಕೇ ಸತ್ತ ವೈರಸ್ಸಿನ ಚುಚ್ಚುಮದ್ದಿಗಿಂತ ಹೆಚ್ಚು ಪಾಠ ಆಗುತ್ತದೆ ಅನ್ನುವುದು ಒಂದು ವಾದ. ಅಮೆರಿಕ ಸ್ಪ್ರೇ ಆದರೂ ಮೊದಲ ವರ್ಷ ಎರಡೇ ಅನ್ನುತ್ತದೆ. ಇಬ್ಬರ ಮುಂದೆಯೂ ಅದೇ ವಿಜ್ಞಾನ ಇದೆ, ತೀರ್ಮಾನ ಬೇರೆ. ಚುಚ್ಚುಮದ್ದು ಹಾಕಿಸುವವರಾದರೆ ನಾನು ಎರಡರ ಪರ, ಅದರಲ್ಲೂ ಎರಡು ವರ್ಷದ ಒಳಗಿನ ಕೂಸಿಗೆ ಖಂಡಿತ.

ಅರ್ಧಚಂದ್ರ
ಈಗ ಅಪ್ಪನ ಕಡೆ ಬರೋಣ. ಹೈ-ಡೋಸ್ ನಾಲ್ಕು ಪಟ್ಟು ಅಂದ ತಕ್ಷಣ ರಕ್ಷಣೆಯೂ ನಾಲ್ಕು ಪಟ್ಟು ಅಂತ ಜನ ಅಂದುಕೊಳ್ಳುತ್ತಾರೆ. ಹಾಗೇನೂ ಇಲ್ಲ. 2014ರಲ್ಲಿ ಬಂದ ದೊಡ್ಡ ಪರೀಕ್ಷೆಯಲ್ಲಿ 65 ದಾಟಿದ ಸುಮಾರು 32,000 ಜನ ಇದ್ದರು. ಮಾಮೂಲಿ ಲಸಿಕೆಯವರಲ್ಲಿ ಸಾವಿರಕ್ಕೆ ಸುಮಾರು 19 ಜನಕ್ಕೆ ಲ್ಯಾಬಿನಲ್ಲಿ ಖಚಿತವಾದ ಫ್ಲೂ ಬಂತು, ಹೈ-ಡೋಸ್‌ನವರಲ್ಲಿ 14. ಶೇಕಡಾ 24 ಕಡಿಮೆ ಅಂತ ಹೇಳಿದರೆ ದೊಡ್ಡದಾಗಿ ಕೇಳಿಸುತ್ತೆ, ಸಾವಿರಕ್ಕೆ ಐದು ಅಂದರೆ ಬೇರೆ ತರ ಕೇಳಿಸುತ್ತೆ. ಎರಡೂ ನಿಜವೇ. ಆಮೇಲೆ ಡೆನ್ಮಾರ್ಕಿನಲ್ಲಿ ಮೂರು ಲಕ್ಷಕ್ಕಿಂತ ಜಾಸ್ತಿ ಜನರ ಮೇಲೆ ಮಾಡಿದರು, 2025ರಲ್ಲಿ ಪ್ರಕಟವಾಯಿತು. ಫ್ಲೂ ಅಥವಾ ನ್ಯುಮೋನಿಯಾಕ್ಕೆ ಆಸ್ಪತ್ರೆ ಸೇರುವುದು ಅನ್ನುವ ಮುಖ್ಯ ಲೆಕ್ಕದಲ್ಲಿ ಎರಡು ಗುಂಪಿಗೂ ಖಚಿತ ವ್ಯತ್ಯಾಸ ಕಾಣಲಿಲ್ಲ.

ಹಳೇರೇಡಿಯೋ
ಅದೇ ಅಧ್ಯಯನದಲ್ಲಿ ಬರೀ ಫ್ಲೂಗೆ ಆಸ್ಪತ್ರೆ ಸೇರಿದವರನ್ನು ನೋಡಿದರೆ ಹೈ-ಡೋಸ್‌ನವರು ಕಡಿಮೆ ಇದ್ದರು, ಅದನ್ನೂ ಹೇಳಿ ಸರ್. ನ್ಯುಮೋನಿಯಾ ಎಷ್ಟೋ ಕಾರಣಕ್ಕೆ ಬರುತ್ತದೆ, ಅದನ್ನು ಜೊತೆಗೆ ಸೇರಿಸಿದರೆ ಲಸಿಕೆಯ ಪರಿಣಾಮ ಮಸುಕಾಗುತ್ತದೆ.

ಅರ್ಧಚಂದ್ರ
ಹೌದು, ಆದರೆ ಮುಖ್ಯ ಲೆಕ್ಕ ಯಾವುದು ಅಂತ ಮೊದಲೇ ಬರೆದಿಟ್ಟ ಮೇಲೆ ಕೈಕೊಟ್ಟಾಗ ಪಕ್ಕದ ಲೆಕ್ಕ ತೋರಿಸುವುದು ನನಗೆ ಪೂರ್ತಿ ಒಪ್ಪಿಗೆ ಆಗಲ್ಲ. ಹೈ-ಡೋಸ್ ಬೇಡ ಅಂತ ಹೇಳುತ್ತಿಲ್ಲ. ಸಿಕ್ಕರೆ ನಮ್ಮ ಅಮ್ಮನಿಗೂ ಅದನ್ನೇ ಹಾಕಿಸುತ್ತೇನೆ. ಸಿಗಲಿಲ್ಲ ಅಂತ ಕಾಯುತ್ತಾ ಕೂರುವುದು ಬೇಡ, ಅಷ್ಟೇ.

ಲಸಿಕೆಕೋಣೆ
ಕಾಯಬೇಡಿ ಅನ್ನುವುದಕ್ಕೆ ನನ್ನದೂ ಒಂದು ಓಟು. ಎಸಿಐಪಿ 2022ರಲ್ಲಿ 65 ದಾಟಿದವರಿಗೆ ಮೂರರಲ್ಲಿ ಒಂದಕ್ಕೆ ಆದ್ಯತೆ ಕೊಡಿ ಅಂದಿತು: ಹೈ-ಡೋಸ್, ಎಂಎಫ್59 ಎಂಬ ಎಣ್ಣೆಯಂಶ ಸೇರಿಸಿದ್ದು, ಅಥವಾ ವೈರಸ್ ಬೆಳೆಸದೆ ಅದರ ಪ್ರೋಟೀನನ್ನಷ್ಟೇ ಲ್ಯಾಬಿನಲ್ಲಿ ತಯಾರಿಸಿದ ರೀಕಾಂಬಿನೆಂಟ್ ಲಸಿಕೆ. ಮೂರೂ ಇಲ್ಲದಿದ್ದರೆ ಮಾಮೂಲಿಯದೇ ಹಾಕಿ ಅಂತಲೂ ಅದರಲ್ಲೇ ಇದೆ. ಎಂಎಫ್59 ಲಸಿಕೆಯಲ್ಲಿ ಪ್ರೋಟೀನ್ ಅದೇ 15 ಮೈಕ್ರೋಗ್ರಾಂ, ನಿರೋಧಕ ಕೋಶಗಳನ್ನು ಸೂಜಿ ಬಿದ್ದ ಜಾಗಕ್ಕೆ ಎಳೆದು ತರುವ ಕೆಲಸವನ್ನು ಆ ಎಣ್ಣೆಯಂಶ ಮಾಡುತ್ತದೆ. ನನ್ನ ಕಿವಿ ಮಂದದ ಉಪಮೆ ಇಲ್ಲಿ ಕೈಕೊಡುತ್ತದೆ ಬಿಡಿ. ಕೆನಡಾದಲ್ಲಿ ಎರಡು ವರ್ಷದ ಒಳಗಿನ ಮಕ್ಕಳಿಗೂ ಎಂಎಫ್59 ಲಸಿಕೆಗೆ ಒಪ್ಪಿಗೆ ಇದೆ, ಆದರೆ ಅಲ್ಲೂ ಮೊದಲ ಸಲ ಎರಡು ಡೋಸೇ.

ಎರಡು ತೋಳಿಗೆ ಎರಡು ಮಾಮೂಲಿ ಹಾಕಿಸುವ ವಿಷಯ: ಬೇಡ. 15 ಮತ್ತು 15 ಸೇರಿದರೆ 30, 60 ಅಲ್ಲ. ದೊಡ್ಡವರಿಗೆ ಅದೇ ಸೀಸನ್ನಿನಲ್ಲಿ ಎರಡನೇ ಡೋಸ್ ಕೊಟ್ಟು ನೋಡಿದಾಗಲೂ ಪ್ರತಿಕಾಯ ಹೇಳಿಕೊಳ್ಳುವಷ್ಟು ಏರಲಿಲ್ಲ.

ಹೂಬಿಸಿಲು
ನನ್ನ ಅತ್ತೆಗೆ ಹೈ-ಡೋಸ್ ಹಾಕಿಸಿದೆವು. ಮರುದಿನ ತೋಳು ಎತ್ತಲಿಲ್ಲ, ಮೈ ಬೆಚ್ಚಗಾಯಿತು, ಎರಡು ದಿನಕ್ಕೆ ಸರಿಹೋಯಿತು. ಈಗ ಮತ್ತೆ ಅದು ಬೇಡ ಅನ್ನುತ್ತಿದ್ದಾರೆ. ಒತ್ತಾಯ ಮಾಡಲಾ?

ಲಸಿಕೆಕೋಣೆ
ಹೈ-ಡೋಸ್‌ಗೆ ತೋಳುನೋವು ಜಾಸ್ತಿಯೇ. ಪರೀಕ್ಷೆಗಳಲ್ಲಿ ಮಾಮೂಲಿಗೆ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ನೋವಾದರೆ ಇದಕ್ಕೆ ಮೂರರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು. ಒಂದೆರಡು ದಿನದಲ್ಲಿ ಹೋಗುವ ನೋವು ಅಲರ್ಜಿ ಅಲ್ಲ. ಮೈಯೆಲ್ಲ ದದ್ದು, ಉಸಿರು ಕಟ್ಟುವುದು, ಮುಖ ಊದುವುದು ಆಗಿದ್ದರೆ ಮಾತ್ರ ಬೇರೆ ಮಾತು. ಅತ್ತೆ ಏನೂ ಬೇಡ ಅಂದುಬಿಡುವುದಕ್ಕಿಂತ ಮಾಮೂಲಿಯದನ್ನಾದರೂ ಹಾಕಿಸಿಕೊಳ್ಳಲಿ, ಒತ್ತಾಯದಿಂದ ಮುಂದಿನ ವರ್ಷ ಬಾಗಿಲೇ ಮುಚ್ಚಿಕೊಳ್ಳುತ್ತದೆ.

ನೀಲಿಚೀಲ
ನನಗೆ 48, ಕಿಡ್ನಿ ಕಸಿ ಆಗಿದೆ, ಅದರ ಮಾತ್ರೆಗಳು ನಡೆಯುತ್ತಿವೆ. ಹೈ-ಡೋಸ್ 65 ಆದವರಿಗೆ ಮಾತ್ರ ಅಂತ ಕೌಂಟರಿನಲ್ಲಿ ವಾಪಸ್ ಕಳಿಸಿದರು.

ಲಸಿಕೆಕೋಣೆ
2024ರಿಂದ ಎಸಿಐಪಿ ನಿಮ್ಮಂಥವರಿಗೆ ಬಾಗಿಲು ತೆರೆದಿದೆ. 18ರಿಂದ 64ರ ಒಳಗಿನ, ಅಂಗ ಕಸಿ ಆಗಿ ನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು ಹೈ-ಡೋಸ್ ಅಥವಾ ಎಂಎಫ್59 ಲಸಿಕೆ ಹಾಕಿಸಿಕೊಳ್ಳಬಹುದು, ಅದೇ ಆಗಬೇಕು ಅಂತೇನಿಲ್ಲ. ವಯಸ್ಸಿನ ಮಿತಿ ದೇಶಕ್ಕೊಂದು ತರ, ಯೂರೋಪಿನಲ್ಲಿ 50ರಿಂದಲೇ ಒಪ್ಪಿಗೆ ಇದೆ. ನಿಮ್ಮ ಕಸಿ ತಂಡದಿಂದ ಚೀಟಿ ಬರೆಸಿಕೊಂಡು ಹೋಗಿ. ಕೌಂಟರಿನಲ್ಲಿ ನಿಂತು ವಾದ ಮಾಡಿ ಗೆಲ್ಲೋಕಾಗಲ್ಲ.

ಕಾಗದದೋಣಿ
ತುಂಬಾ ಉಪಕಾರ. ಕೊನೇದಾಗಿ ಎರಡು. ಮುಂದಿನ ವರ್ಷ ಮಗಳಿಗೆ ಮತ್ತೆ ಎರಡಾ? ಮತ್ತೆ ಅಣ್ಣನ ಮಗನಿಗೆ ಈಗ ಎಂಟು, ಒಂದೂ ಹಾಕಿಸಿಲ್ಲ, ಇನ್ನು ಮೂರು ವಾರಕ್ಕೆ ಒಂಬತ್ತು ತುಂಬುತ್ತದೆ. ಹುಟ್ಟುಹಬ್ಬ ಕಳೆದ ಮೇಲೆ ಹೋದರೆ ಒಂದರಲ್ಲೇ ಮುಗಿಯುತ್ತೆ ಅಂತ ಅತ್ತಿಗೆ ಪ್ಲಾನ್ ಮಾಡಿದ್ದಾರೆ.

ಲಸಿಕೆಕೋಣೆ
ಮಗಳಿಗೆ ಮುಂದಿನ ವರ್ಷದಿಂದ ಒಂದೇ. ಅಣ್ಣನ ಮಗನಿಗೆ ಈಗಲೇ ಮೊದಲನೇದು ಹಾಕಿಸಿದರೆ ನಡುವೆ ಒಂಬತ್ತು ತುಂಬಿದರೂ ಎರಡನೇದು ಹಾಕಿಸಲೇಬೇಕು. ಹುಟ್ಟುಹಬ್ಬ ಕಳೆದು ಹೋದರೆ ನಿಯಮದ ಪ್ರಕಾರ ಒಂದೇ.

ಗುಬ್ಬಚ್ಚಿ
ನೋಡಿ, ನಿಯಮಕ್ಕೋಸ್ಕರ ನಿಯಮ ಅಂತ ನಾನು ಆಗಲೇ ಹೇಳಲಿಲ್ವಾ! ಮೂರು ವಾರದಲ್ಲಿ ಆ ಹುಡುಗ ಏನು ಬದಲಾಗುತ್ತಾನೆ?

ಹಳೇರೇಡಿಯೋ
ಏನೂ ಬದಲಾಗಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೆಯಬೇಕು, ಅವನು ಗೆರೆಯ ಮೇಲೇ ನಿಂತಿದ್ದಾನೆ. ಅವನಿಗೆ ಆಸ್ತಮಾ ಗೀಸ್ತಮಾ ಇದೆಯಾ ಅಂತ ಅತ್ತಿಗೆಯನ್ನು ಕೇಳಿ. ಇದ್ದರೆ ನಾನಾಗಿದ್ದರೆ ನಾಳೆಯೇ ಕರೆದುಕೊಂಡು ಹೋಗಿ ಎರಡೂ ಹಾಕಿಸುತ್ತಿದ್ದೆ.

ಕಾಗದದೋಣಿ
ಆಸ್ತಮಾ ಇದೆ. ಅತ್ತಿಗೆಗೆ ಈಗಲೇ ಫೋನ್ ಮಾಡುತ್ತೇನೆ.